ನಾಲೆಗೆ ಹೋದ ಹಣ, ಕೊನೆಯ ಗದ್ದೆಗೆ ಬಂದ ನೀರು



ಸರ್ಕಾರದ ಆಯವ್ಯಯ ಪುಸ್ತಕದಲ್ಲಿ ಒಂದು ಇಲಾಖೆಗೆ ಎಷ್ಟು ಹಣ ಎಂದು ಬರೆದಿರುತ್ತದೆ. ಆ ಹಣದಿಂದ ಊರಿಗೆ ಏನು ಬರಬೇಕು ಎಂಬುದನ್ನೂ ಅದೇ ಸಾಲಿನಲ್ಲಿ ಬರೆದರೆ ಹೇಗೆ? ಯಾವ ಖರ್ಚಿನಿಂದ ಯಾವ ಕೆಲಸ ಆಗಬೇಕು, ಆ ಕೆಲಸದಿಂದ ಯಾವ ಫಲ ಸಿಗಬೇಕು, ಅದು ಎಷ್ಟು, ಯಾವಾಗ. ಇದಕ್ಕೆ ಫಲಿತಾಂಶ ಆಧಾರಿತ ಆಯವ್ಯಯ ಎನ್ನುತ್ತಾರೆ. ಇವತ್ತಿನ ಮಾತು ಅದರ ಬಗ್ಗೆ. ಆದರೆ ಎಲ್ಲ ಇಲಾಖೆಗಳ ವಿಷಯಕ್ಕೆ ನಾನು ಹೋಗುವುದಿಲ್ಲ. ಮಂಡ್ಯ, ಮದ್ದೂರು, ಮಳವಳ್ಳಿಯವರಿಗೆ ಗೊತ್ತಿರುವ ಒಂದೇ ನಾಲೆಯನ್ನು ಹಿಡಿದುಕೊಂಡು ಹೋಗುತ್ತೇನೆ. ಅದು ವಿಶ್ವೇಶ್ವರಯ್ಯ ನಾಲೆ. ನಮ್ಮ ಬಾಯಲ್ಲಿ ವಿ.ಸಿ. ನಾಲೆ. ಹಳಬರಿಗೆ ಇರ್ವಿನ್ ನಾಲೆ.

ಈ ನಾಲೆಯ ದಾರಿಯನ್ನು ಒಮ್ಮೆ ಮನಸ್ಸಿನಲ್ಲಿ ತಂದುಕೊಳ್ಳಿ. ಕನ್ನಂಬಾಡಿಯಲ್ಲಿ, ಕೃಷ್ಣರಾಜಸಾಗರದ ಎಡದಂಡೆಯಲ್ಲಿ ಅದು ಹುಟ್ಟುತ್ತದೆ. ಮುಖ್ಯ ನಾಲೆ ಸುಮಾರು 45 ಕಿಲೋಮೀಟರ್ ಸಾಗುತ್ತದೆ. ನಡುವೆ ಗುಡ್ಡ ಕೊರೆದು ಮಾಡಿದ ಹುಲಿಕೆರೆ ಸುರಂಗವಿದೆ. ಆಮೇಲೆ ನಾಲೆ ಕವಲೊಡೆಯುತ್ತದೆ. ಮದ್ದೂರು ಶಾಖೆ, ತುರುಗನೂರು ಶಾಖೆ, ಹೆಬ್ಬಕವಾಡಿ ಶಾಖೆ ಹೀಗೆ. ಶಾಖೆಯಿಂದ ಉಪನಾಲೆ, ಉಪನಾಲೆಯಿಂದ ತೂಬು, ತೂಬಿನಿಂದ ಹೊಲಗಾಲುವೆ, ಹೊಲಗಾಲುವೆಯಿಂದ ಗದ್ದೆ. ಅಚ್ಚುಕಟ್ಟು ಎರಡು ಲಕ್ಷ ಎಕರೆಗೆ ಹತ್ತಿರ. ಈ ದಾರಿಯ ತುದಿಯಲ್ಲಿ ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕಿನ ಊರುಗಳಿವೆ. ಕೊನೆಭಾಗದ ರೈತರು ಎಂದರೆ ಅಲ್ಲಿಯವರು. ಅಣೆಕಟ್ಟೆ ತುಂಬಿ ಬಾಗಿನ ಬಿಟ್ಟ ವರ್ಷವೂ ಅಲ್ಲಿಂದ ಕೇಳಿಬರುವ ಕೂಗು ಒಂದೇ: ನಮಗೆ ನೀರು ತಲುಪಿಲ್ಲ.

ಈಗ ಹಣದ ದಾರಿ. ನೀರಾವರಿಯ ಬಂಡವಾಳ ವೆಚ್ಚ 4701 ಎಂಬ ಲೆಕ್ಕಶೀರ್ಷಿಕೆಯಲ್ಲಿ ಬರುತ್ತದೆ. ದಿನದಿನದ ನಿರ್ವಹಣೆಯ ರಾಜಸ್ವ ವೆಚ್ಚಕ್ಕೆ 2701 ಇದೆ. ನಮ್ಮ ನಾಲೆಯ ಹಣದ ಬಹುಪಾಲು ಕಾವೇರಿ ನೀರಾವರಿ ನಿಗಮಕ್ಕೆ ಒಟ್ಟಾಗಿ ಹೋಗುತ್ತದೆ. ಯಾವ ಉಪನಾಲೆಗೆ ಎಷ್ಟು ಎಂಬುದು ನಿಗಮದ ಕಾಮಗಾರಿ ಪಟ್ಟಿಯಲ್ಲಿ ಸಿಗುತ್ತದೆ. ವಿಧಾನಸಭೆಯಲ್ಲಿ ಮತಕ್ಕೆ ಹಾಕುವ ಪುಸ್ತಕದಲ್ಲಿ ಅದು ಸಿಗುವುದಿಲ್ಲ. ಅಂದರೆ ಹಣಕ್ಕೂ ಫಲಕ್ಕೂ ನಡುವಿನ ಕೊಂಡಿ ನಿಗಮದ ಬಾಗಿಲಲ್ಲೇ ಸಡಿಲವಾಗುತ್ತದೆ. ಮದ್ದೂರಿನ ರೈತ ಆಯವ್ಯಯ ಪುಸ್ತಕ ತೆರೆದು ತನ್ನ ಊರಿನ ಉಪನಾಲೆಯನ್ನು ಹುಡುಕಿದರೆ ಅವನಿಗೆ ಸಿಗುವುದು ಒಂದು ದೊಡ್ಡ ಮೊತ್ತ ಮಾತ್ರ.

ನೀರಿನ ದಾರಿ ತಿಳಿಯಿತು, ಹಣದ ದಾರಿಯೂ ತಿಳಿಯಿತು. ಈ ಎರಡನ್ನೂ ಇವತ್ತು ಹೇಗೆ ಅಳೆಯುತ್ತಾರೆ ಎಂದು ನೋಡೋಣ.

ತಾಲ್ಲೂಕು, ಜಿಲ್ಲಾ ಮಟ್ಟದ ಕೆ.ಡಿ.ಪಿ. ಸಭೆಯಲ್ಲಿ ಪ್ರತಿ ಇಲಾಖೆಯೂ ಎರಡು ಅಂಕಿ ಹೇಳುತ್ತದೆ. ಒಂದು ಆರ್ಥಿಕ ಪ್ರಗತಿ, ಇನ್ನೊಂದು ಭೌತಿಕ ಪ್ರಗತಿ. ಇಷ್ಟು ಹಣ ಬಿಡುಗಡೆ, ಇಷ್ಟು ಖರ್ಚು. ಇಷ್ಟು ಕಿಲೋಮೀಟರ್ ಲೈನಿಂಗ್, ಇಷ್ಟು ಘನ ಮೀಟರ್ ಹೂಳು. ಈ ಅಂಕಿಗಳು ಹುಸಿ ಎಂದು ನಾನು ಹೇಳುತ್ತಿಲ್ಲ. ಇವಕ್ಕೆ ಗಟ್ಟಿ ಆಧಾರವೇ ಇದೆ. ಗುತ್ತಿಗೆದಾರನಿಗೆ ಒಂದು ರೂಪಾಯಿ ಕೊಡಬೇಕಾದರೂ ಅಳತೆ ಪುಸ್ತಕದಲ್ಲಿ, ಎಲ್ಲರೂ ಎಂ.ಬಿ. ಎನ್ನುವ ಆ ಪುಸ್ತಕದಲ್ಲಿ, ಉದ್ದ, ಅಗಲ, ದಪ್ಪ ಬರೆದು ಎಂಜಿನಿಯರ್ ಸಹಿ ಹಾಕಬೇಕು. ಮೇಲಿನವರು ಅದನ್ನು ಪರಿಶೀಲಿಸಬೇಕು. ಕಾಂಕ್ರೀಟಿಗೆ ಅಳತೆ ಪುಸ್ತಕ ಇದೆ. ನೀರಿಗೆ ಮಾತ್ರ ಹಾಗೆ ಸಹಿ ಬೀಳುವ ಪುಸ್ತಕ ಇಲ್ಲ. ನಾನು ಇವತ್ತು ಹೇಳಲು ಬಂದಿರುವುದು ಈ ಒಂದು ಕೊರತೆಯನ್ನೇ.

ಹಣದ ಎದುರಿಗೆ ಫಲವನ್ನೂ ಬರೆಯುವುದು ಹೊಸ ಯೋಚನೆಯಲ್ಲ. ಖರ್ಚಿನ ಜೊತೆ ಸಾಧನೆಯನ್ನೂ ತೋರಿಸಬೇಕು ಎಂಬ ಪದ್ಧತಿ ಕೇಂದ್ರ ಸರ್ಕಾರದ ಕೆಲವು ಸಚಿವಾಲಯಗಳಲ್ಲಿ 1968ರ ಹೊತ್ತಿಗೇ ಆರಂಭವಾಯಿತು. 2005ರ ಆಗಸ್ಟ್‌ನಲ್ಲಿ ಆಗಿನ ಹಣಕಾಸು ಸಚಿವ ಪಿ. ಚಿದಂಬರಂ ಮೊದಲ ಫಲಿತಾಂಶ ಆಯವ್ಯಯವನ್ನು ಸಂಸತ್ತಿನ ಮುಂದಿಟ್ಟರು. 2017ರಿಂದ ಪ್ರತಿ ಯೋಜನೆಯ ಎದುರಿಗೆ ಆಗುವ ಕೆಲಸ ಯಾವುದು, ಸಿಗುವ ಫಲ ಯಾವುದು ಎಂದು ಎರಡು ಪ್ರತ್ಯೇಕ ಅಂಕಣಗಳಲ್ಲಿ ತೋರಿಸುವ ಕ್ರಮ ಬಂತು. ಈ ಎರಡನೆಯ ಅಂಕಣವೇ ಕಷ್ಟದ್ದು. ತುಂಬಲು ಬಾರದಿದ್ದಾಗ ಮೊದಲ ಅಂಕಣದಲ್ಲಿ ಹೇಳಿದ್ದನ್ನೇ ಬೇರೆ ಮಾತಿನಲ್ಲಿ ಬರೆದುಬಿಡುತ್ತಾರೆ. ಕೆಲಸ: ಹತ್ತು ಕಿಲೋಮೀಟರ್ ಲೈನಿಂಗ್. ಫಲ: ನಾಲೆಯ ಸುಧಾರಣೆ. ಇದನ್ನು ಫಲ ಎನ್ನಲು ಸಾಧ್ಯವೇ? ನೀರಾವರಿ ಸಾಮರ್ಥ್ಯ ಸೃಷ್ಟಿ ಎಂದು ಬರೆದರೂ ಅಷ್ಟೆ. ಸಾಮರ್ಥ್ಯ ಕಾಗದದ ಮೇಲೆ ಹುಟ್ಟುತ್ತದೆ. ಗದ್ದೆ ನೆನೆಯುವುದು ನೀರಿನಿಂದ.

ಹಾಗಾದರೆ ಎರಡನೆಯ ಅಂಕಣದಲ್ಲಿ ಏನು ಬರೆಯಬೇಕು? ಒಂದು ಉಪನಾಲೆಯನ್ನು ಇಟ್ಟುಕೊಂಡು ಲೆಕ್ಕ ಮಾಡಿ ನೋಡೋಣ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ಲೆಕ್ಕ ತಿಳಿಯಲೆಂದು ನಾನು ಕಟ್ಟಿಕೊಂಡ ಉಪನಾಲೆ. ಯಾವ ಊರಿನದೂ ಅಲ್ಲ. ಅಂಕಿಗಳನ್ನು ದುಂಡಾಗಿ ಹೇಳುತ್ತೇನೆ. ಕೈಗೆ ಕಾಗದ ಸಿಕ್ಕರೆ ಬರೆದುಕೊಳ್ಳಿ.

ಉಪನಾಲೆಯ ಉದ್ದ 15 ಕಿಲೋಮೀಟರ್. ಅಚ್ಚುಕಟ್ಟು 3,600 ಎಕರೆ. ಅದನ್ನು ಮೂರು ಭಾಗ ಮಾಡಿ: ತಲೆಭಾಗ, ನಡುಭಾಗ, ಕೊನೆಭಾಗ. ಪ್ರತಿ ಭಾಗಕ್ಕೂ ಐದು ಕಿಲೋಮೀಟರ್, 1,200 ಎಕರೆ. ನಾಲೆಯ ಬಾಯಿಯಲ್ಲಿ 80 ಕ್ಯುಸೆಕ್ ನೀರು ಬರುತ್ತದೆ. ಒಂದು ಕ್ಯುಸೆಕ್ ಎಂದರೆ ಒಂದು ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್. ಅಷ್ಟು ನೀರು ಒಂದು ದಿನ ಪೂರ್ತಿ ಹರಿದರೆ ಎರಡು ಎಕರೆಯಲ್ಲಿ ಒಂದಡಿ ನಿಲ್ಲುವಷ್ಟು ಆಗುತ್ತದೆ. ಭತ್ತದ ಹಂಗಾಮು ನಾಲ್ಕು ತಿಂಗಳು ಎನ್ನಿ. ಒಂದು ಎಕರೆಗೆ ಒಟ್ಟು ನಾಲ್ಕಡಿ ನೀರು ಬೇಕು ಎನ್ನಿ. ಆಗ ಒಂದು ಕ್ಯುಸೆಕ್ ನೀರಿನಲ್ಲಿ ಸುಮಾರು 60 ಎಕರೆ ಭತ್ತ ಬೆಳೆಯಬಹುದು.

ಈಗ ಸೋರಿಕೆ. ಹಳೆಯ ಉಪನಾಲೆ. ಏರಿ ಜರಿದಿದೆ, ತಳದಲ್ಲಿ ಬಿರುಕು. ನೂರಕ್ಕೆ 40 ಪಾಲು ನೀರು ದಾರಿಯಲ್ಲೇ ಇಂಗಿಹೋಗುತ್ತದೆ. 80ರಲ್ಲಿ 32 ಹೋಯಿತು. ಗದ್ದೆಗೆ ಸಿಗುವುದು 48 ಕ್ಯುಸೆಕ್. ಅದರಿಂದ 2,900 ಎಕರೆ ನೆನೆಯುತ್ತದೆ. ಕೊರತೆ ಬೀಳುವ 700 ಎಕರೆ ಎಲ್ಲಿಯದು? ಎಲ್ಲರಿಗೂ ಸಮನಾಗಿ ಹಂಚಿಹೋಗುವುದಿಲ್ಲ ಅದು. ತಲೆಭಾಗದವರಿಗೆ ಪೂರ್ತಿ ಸಿಗುತ್ತದೆ. ನಡುಭಾಗದವರಿಗೂ ಸಿಗುತ್ತದೆ. ಕೊರತೆಯೆಲ್ಲ ಕೊನೆಭಾಗದವರ ತಲೆಯ ಮೇಲೆ ಬೀಳುತ್ತದೆ. ಅವರ 1,200 ಎಕರೆಯಲ್ಲಿ ನೆನೆಯುವುದು 500 ಎಕರೆ. ಉಳಿದ ಕಡೆ ಒಟ್ಲು ಬಿಟ್ಟು ಕಾದವರು ನಾಟಿ ಮಾಡಲಾಗದೆ ಉಳಿಯುತ್ತಾರೆ.

ಈಗ ಸರ್ಕಾರ ಇದಕ್ಕೆ 14 ಕೋಟಿ ರೂಪಾಯಿ ಕೊಟ್ಟಿತು ಎನ್ನಿ. ಕಿಲೋಮೀಟರಿಗೆ ಒಂದು ಕೋಟಿಯ ಆಸುಪಾಸು. ಲೈನಿಂಗ್ ಆಯಿತು. ಸೋರಿಕೆ ನೂರಕ್ಕೆ 25ಕ್ಕೆ ಇಳಿಯಿತು. 80ರಲ್ಲಿ 20 ಹೋಗಿ 60 ಉಳಿಯಿತು. ಅರವತ್ತನ್ನು ಅರವತ್ತರಿಂದ ಗುಣಿಸಿ. 3,600 ಎಕರೆ. ಅಂದರೆ ಅಚ್ಚುಕಟ್ಟು ಪೂರ್ತಿ. ಹೊಸದಾಗಿ ಸಿಕ್ಕಿದ್ದು 700 ಎಕರೆ. ಎರಡನೆಯ ಅಂಕಣದಲ್ಲಿ ಬರೆಯಬೇಕಾದ್ದು ಇದನ್ನು: ಕೊನೆಭಾಗದಲ್ಲಿ ನೆನೆಯುವ ಭೂಮಿ 500 ಎಕರೆಯಿಂದ 1,200 ಎಕರೆಗೆ ಏರಬೇಕು. ಆಗ ಖರ್ಚಿನ ದರವೂ ಬದಲಾಗುತ್ತದೆ. ಕಿಲೋಮೀಟರಿಗೆ ಎಷ್ಟು ಎಂದು ಕೇಳುವ ಬದಲು ಹೊಸದಾಗಿ ನೆನೆದ ಎಕರೆಗೆ ಎಷ್ಟು ಎಂದು ಕೇಳಬಹುದು. ಇಲ್ಲಿ ಅದು ಎಕರೆಗೆ ಎರಡು ಲಕ್ಷ ರೂಪಾಯಿ. ಈ ಅಂಕಿ ಕೈಯಲ್ಲಿದ್ದರೆ ಎರಡು ಉಪನಾಲೆಗಳಲ್ಲಿ ಯಾವುದನ್ನು ಮೊದಲು ಹಿಡಿಯಬೇಕು ಎಂದು ತೂಗಿ ನೋಡಬಹುದು. ಕಿಲೋಮೀಟರಿನ ದರದಿಂದ ಅದು ಎಂದಿಗೂ ತಿಳಿಯುವುದಿಲ್ಲ.

ಲೆಕ್ಕವನ್ನು ಮತ್ತೊಮ್ಮೆ ಹೇಳುತ್ತೇನೆ. ಹಣ 14 ಕೋಟಿ. ಕೆಲಸ 15 ಕಿಲೋಮೀಟರ್. ಫಲ ಕೊನೆಭಾಗದ 700 ಎಕರೆ. ಇನ್ನು ಮುಂದಿನ ಪ್ರಶ್ನೆ. ಹಣ ಖರ್ಚಾಗಿದೆ, ಕೆಲಸ ಚೆನ್ನಾಗಿಯೇ ಆಗಿದೆ, ಆದರೂ ಕೊನೆಭಾಗಕ್ಕೆ ನೀರು ಬರಲಿಲ್ಲ. ಆಗ ತಪ್ಪು ಎಲ್ಲಿದೆ ಎಂದು ಕಂಡುಹಿಡಿಯುವುದು ಹೇಗೆ?

ಇದಕ್ಕೆ ಬೇಕಾದ ಸಾಧನ ತೀರ ಸರಳ. ನಾಲೆಯಲ್ಲಿ ಮೂರು ಕಡೆ ಗೇಜ್. ಅಂದರೆ ನೀರಿನ ಆಳ ತೋರಿಸುವ, ಅಡಿ ಇಂಚು ಅಥವಾ ಮೀಟರ್ ಗುರುತು ಹಾಕಿದ ಪಟ್ಟಿ. ಒಂದು ಉಪನಾಲೆಯ ಬಾಯಿಯಲ್ಲಿ. ಒಂದು ನಡುಭಾಗ ಶುರುವಾಗುವಲ್ಲಿ. ಒಂದು ಕೊನೆಭಾಗ ಶುರುವಾಗುವಲ್ಲಿ. ನಮ್ಮ ಲೆಕ್ಕದ ಪ್ರಕಾರ ಲೈನಿಂಗ್ ಆದ ಮೇಲೆ ಬಾಯಿಯಲ್ಲಿ 80 ಇದ್ದರೆ ಎರಡನೆಯದರಲ್ಲಿ ಸುಮಾರು 53 ಇರಬೇಕು. ಮೂರನೆಯದರಲ್ಲಿ ಸುಮಾರು 27. ಲೈನಿಂಗಿಗೆ ಮೊದಲು ಈ ಮೂರನೆಯ ಅಂಕಿ ಸುಮಾರು 19 ಇತ್ತು. ಆ 19 ಇದ್ದದ್ದು 27 ಆಯಿತೇ ಎಂಬುದೇ 14 ಕೋಟಿಯ ಪರೀಕ್ಷೆ.

ಈಗ ನೋಡಿ. ಬಾಯಿಯಲ್ಲೇ 80 ಇಲ್ಲ, 60 ಮಾತ್ರ ಇದೆ. ಹಾಗಾದರೆ ತಪ್ಪು ಈ ಉಪನಾಲೆಯದಲ್ಲ. ಮೇಲಿನ ಶಾಖಾನಾಲೆಯಲ್ಲಿ ಹುಡುಕಬೇಕು. ಬಾಯಿಯಲ್ಲಿ 80 ಇದೆ, ಆದರೆ ಎರಡನೆಯ ಗೇಜಿನಲ್ಲಿ 53ರ ಬದಲು 40 ಇದೆ. ಹಾಗಾದರೆ ತಲೆಭಾಗದಲ್ಲಿ ಏನೋ ಆಗುತ್ತಿದೆ. ಆದರೆ ಏನು? ಲೈನಿಂಗ್ ಕಳಪೆಯಾಗಿ ನೀರು ಸೋರುತ್ತಿದೆಯೇ, ಅಥವಾ ತೂಬು ಒಡೆದು, ಪಂಪು ಇಟ್ಟು ಹೆಚ್ಚು ನೀರು ಎಳೆಯುತ್ತಿದ್ದಾರೆಯೇ? ಇದನ್ನು ಬೇರ್ಪಡಿಸಲು ಒಂದು ದಿನ ಸಾಕು. ತಲೆಭಾಗದ ಎಲ್ಲ ತೂಬುಗಳನ್ನೂ ಮುಚ್ಚಿ, ಪಂಪುಗಳನ್ನು ನಿಲ್ಲಿಸಿ, ನೀರು ಒಂದೇ ಮಟ್ಟದಲ್ಲಿ ಹರಿಯುವವರೆಗೆ ಕಾಯಬೇಕು. ಆಗ ಒಳಬಂದದ್ದು 80, ಹೊರಹೋದದ್ದು 73 ಆದರೆ ಸೋರಿಕೆ ಏಳೇ. ಲೈನಿಂಗ್ ಸರಿಯಾಗಿದೆ. ತೊಂದರೆ ತೂಬುಗಳಲ್ಲಿದೆ. ಹೊರಹೋದದ್ದು 65 ಆದರೆ ಕಾಂಕ್ರೀಟಿನ ಕೆಳಗೆ ನೀರು ಹೋಗುತ್ತಿದೆ. ಆಗ ಗುತ್ತಿಗೆದಾರನನ್ನು ಕೇಳಬೇಕು. ಈ ಪರೀಕ್ಷೆಯನ್ನು ಕಟ್ಟುನೀರಿನ ಸರದಿಯ ಮೊದಲ ದಿನ ಮಾಡಿದರೆ ಯಾರ ಬೆಳೆಗೂ ಧಕ್ಕೆಯಿಲ್ಲ.

ತಪ್ಪು ತೂಬುಗಳಲ್ಲಿದ್ದರೆ ಇನ್ನೂ 14 ಕೋಟಿ ಕಾಂಕ್ರೀಟು ಹಾಕಿದರೂ ಕೊನೆಭಾಗಕ್ಕೆ ಹನಿ ನೀರೂ ಹೆಚ್ಚು ಬರುವುದಿಲ್ಲ. ಅಲ್ಲಿ ಬೇಕಾದ್ದು ತೂಬಿಗೆ ಬೀಗ, ಬಾಗಿಲು, ಅದನ್ನು ಕಾಯಲು ಸೌಡಿ. ನೀರುಗಂಟಿಯನ್ನು ನಮ್ಮ ಕಡೆ ಸೌಡಿ ಎನ್ನುತ್ತಾರೆ. ಸೌಡಿಗಳ ಕೂಲಿ ನಿರ್ವಹಣೆಯ ಲೆಕ್ಕದಲ್ಲಿ ಬರುವ ಚಿಕ್ಕ ಬಾಬು. ಅದೇ ಉಪನಾಲೆಗೆ ವರ್ಷಕ್ಕೆ ಕೆಲವು ಲಕ್ಷ ರೂಪಾಯಿ. ಆಯವ್ಯಯ ಇಕ್ಕಟ್ಟಾದಾಗ ಮೊದಲು ಕತ್ತರಿ ಬೀಳುವುದು ಇಂಥ ಬಾಬಿಗೆ. ಬಂಡವಾಳದ ಕಾಮಗಾರಿಗೆ ಶಂಕುಸ್ಥಾಪನೆಯ ಕಲ್ಲು ಇರುತ್ತದೆ, ಸೌಡಿಯ ಕೂಲಿಗೆ ಇರುವುದಿಲ್ಲ. ಆದರೆ ಪ್ರತಿ ಖರ್ಚಿನ ಎದುರಿಗೆ ಅದರ ಫಲ ಬರೆದು ನೋಡಿ. ಕಾಂಕ್ರೀಟಿನ ಫಲ ಸೌಡಿಯ ಕೈಯಲ್ಲಿದೆ ಎಂಬುದು ತಟ್ಟನೆ ಎದ್ದು ಬರುತ್ತದೆ. ಖರ್ಚನ್ನು ಫಲಕ್ಕೆ ಜೋಡಿಸುವ ಪದ್ಧತಿಯಿಂದ ನನಗೆ ಕಾಣುವ ದೊಡ್ಡ ಲಾಭ ಇದು. ಯಾವ ದೊಡ್ಡ ಖರ್ಚು ಯಾವ ಚಿಕ್ಕ ಖರ್ಚನ್ನು ನಂಬಿಕೊಂಡಿದೆ ಎಂದು ಅದು ತೋರಿಸಿಕೊಡುತ್ತದೆ.

ಹೂಳೆತ್ತುವ ಬಾಬನ್ನೂ ಹೀಗೇ ನೋಡಬಹುದು. ಎತ್ತಿದ ಹೂಳು ಇಷ್ಟು ಘನ ಮೀಟರ್ ಎಂದು ಬಿಲ್ಲಿನಲ್ಲಿರುತ್ತದೆ. ನೀರು ಬಿಟ್ಟ ಮೇಲೆ ಅದನ್ನು ಪರೀಕ್ಷಿಸಲು ದಾರಿಯೇ ಇಲ್ಲ. ಕೆಲಸಕ್ಕೆ ಮೊದಲಿನ ಮಟ್ಟ, ಆದ ಮೇಲಿನ ಮಟ್ಟ ಎರಡೂ ನೀರು ಬಿಡುವ ಮೊದಲೇ ಪುಸ್ತಕಕ್ಕೆ ಏರಿರಬೇಕು. ಫಲವನ್ನು ಮಾತ್ರ ಮೂರನೆಯ ಗೇಜಿನಲ್ಲೇ ನೋಡಬೇಕು.

ಮೂರು ಗೇಜುಗಳಿಂದ ತಪ್ಪಿನ ಜಾಗ ಸಿಗುತ್ತದೆ ಎಂದು ಹೇಳಿದೆ. ಆದರೆ ಗೇಜನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಅಳತೆಯೇ ತಪ್ಪಿದರೆ ಉಳಿದದ್ದೆಲ್ಲ ತಪ್ಪುತ್ತದೆ.

ಗೇಜು ತೋರಿಸುವುದು ನೀರಿನ ಆಳವನ್ನು. ಎಷ್ಟು ಕ್ಯುಸೆಕ್ ಹರಿಯುತ್ತಿದೆ ಎಂದು ಅದು ನೇರವಾಗಿ ಹೇಳುವುದಿಲ್ಲ. ಇಷ್ಟು ಆಳಕ್ಕೆ ಇಷ್ಟು ಕ್ಯುಸೆಕ್ ಎಂಬ ಕೋಷ್ಟಕವನ್ನು ಆ ಜಾಗಕ್ಕೆಂದೇ ತಯಾರಿಸಿರುತ್ತಾರೆ. ಮಣ್ಣಿನ ನಾಲೆಗೆ ಮಾಡಿದ ಕೋಷ್ಟಕ ಲೈನಿಂಗ್ ಆದ ಮೇಲೆ ನಡೆಯುವುದಿಲ್ಲ. ನುಣುಪಾದ ಕಾಂಕ್ರೀಟಿನ ಮೇಲೆ ಅದೇ ಆಳದಲ್ಲಿ ನೀರು ಹೆಚ್ಚು ವೇಗವಾಗಿ ಹೋಗುತ್ತದೆ. ಹಳೆಯ ಕೋಷ್ಟಕವನ್ನೇ ಬಳಸಿದರೆ ಹರಿವು ಕಡಿಮೆ ಎಂದು ತೋರುತ್ತದೆ. ಒಳ್ಳೆಯ ಕೆಲಸ ಮಾಡಿದ ಎಂಜಿನಿಯರಿಗೇ ಆಗ ಅನ್ಯಾಯವಾಗುತ್ತದೆ. ಹಾಗಾಗಿ ಲೈನಿಂಗ್ ಆದ ಮೊದಲ ಹಂಗಾಮಿನಲ್ಲೇ ನೀರಿನ ವೇಗವನ್ನು ಅಳೆದು ಹೊಸ ಕೋಷ್ಟಕ ಮಾಡಬೇಕು. ಕಾಮಗಾರಿಯ ಅಂದಾಜಿನಲ್ಲೇ ಇದಕ್ಕೆ ಹಣ ಇಟ್ಟಿರಬೇಕು.

ಇದಕ್ಕೆ ತದ್ವಿರುದ್ಧವಾದ ತೊಂದರೆಯೂ ಒಂದಿದೆ. ಗೇಜಿನ ಕೆಳಗೆ ಜೊಂಡು ಬೆಳೆದರೆ ನೀರು ತಡೆದು ನಿಂತು ಆಳ ಹೆಚ್ಚುತ್ತದೆ. ಯಾರೋ ಕಲ್ಲು, ಮರಳು ಚೀಲ ಒಟ್ಟಿ ನಾಲೆಗೆ ಅಡ್ಡಗಟ್ಟಿ ತಮ್ಮ ತೂಬಿಗೆ ನೀರು ಏರಿಸಿಕೊಂಡರೂ ಹಾಗೇ. ಗೇಜಿನಲ್ಲಿ ನೀರು ತುಂಬಿ ಕಾಣುತ್ತದೆ. ಹರಿವು ಮಾತ್ರ ಕಡಿಮೆ. ಗುರುತಿಸುವುದು ಕಷ್ಟವಲ್ಲ. ಆಳ ಜಾಸ್ತಿ ಇದ್ದು, ಮೇಲೆ ಬಿಟ್ಟ ಎಲೆ ನಿಧಾನವಾಗಿ ತೇಲಿದರೆ ಕೆಳಗೆ ತಡೆ ಇದೆ ಎಂದು ಅರ್ಥ. ನಾಲೆಯ ದಂಡೆಯಲ್ಲಿ ಬೆಳೆದ ಹುಡುಗರಿಗೂ ಇದು ಗೊತ್ತು.

ಇನ್ನೊಂದು ತೊಂದರೆ ಮನುಷ್ಯರದು. ಪರಿಶೀಲನೆಯ ದಿನ ನಾಲೆ ತುಂಬಿ ಹರಿಯುತ್ತದೆ. ಮಾರನೆಯ ದಿನ ಒಣಗುತ್ತದೆ. ಒಂದು ದಿನದ ಅಂಕಿಯನ್ನು ಗುರಿಯಾಗಿ ಇಟ್ಟರೆ ಆ ಒಂದು ದಿನಕ್ಕೆ ಮಾತ್ರ ನೀರು ಬರುತ್ತದೆ. ಗುರಿಯನ್ನು ದಿನಗಳ ಲೆಕ್ಕದಲ್ಲಿ ಇಡಬೇಕು. ಈ ಹಂಗಾಮಿನ ಕಟ್ಟುನೀರಿನಲ್ಲಿ ಈ ಉಪನಾಲೆಗೆ ಇಷ್ಟು ದಿನ ನೀರು ಎಂದು ನೀರಾವರಿ ಸಲಹಾ ಸಮಿತಿ ತೀರ್ಮಾನಿಸಿತು. ಅದರಲ್ಲಿ ಎಷ್ಟು ದಿನ ಮೂರನೆಯ ಗೇಜಿನಲ್ಲಿ ನಿಗದಿಯಾದ ನೀರು ಹರಿಯಿತು? ಹತ್ತಕ್ಕೆ ಎಂಟು ದಿನವೇ, ಮೂರು ದಿನವೇ? ಸೌಡಿ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಅಂಕಿ ಬರೆಯಲಿ. ನೀರು ಬಳಕೆದಾರರ ಸಂಘದ ಒಬ್ಬರು ವಾರಕ್ಕೊಮ್ಮೆ ಅದಕ್ಕೆ ಸಹಿ ಹಾಕಲಿ. ನೀರಿಗೆ ಇಲ್ಲ ಎಂದು ನಾನು ಹೇಳಿದ ಪುಸ್ತಕ ಇದೇ, ನೀರಿನ ಅಳತೆ ಪುಸ್ತಕ. ಎಕರೆಯ ಲೆಕ್ಕಕ್ಕೆ ಸರ್ವೆ ನಂಬರಿನ ಪ್ರಕಾರ ನಡೆಯುವ ಬೆಳೆ ಸಮೀಕ್ಷೆ ಇದ್ದೇ ಇದೆ. ಅಲ್ಲಿ ಒಂದು ಎಚ್ಚರ ಬೇಕು. ಕೊಳವೆಬಾವಿಯಿಂದ ಬೆಳೆದ ಭತ್ತವನ್ನು ನಾಲೆಯ ಲೆಕ್ಕಕ್ಕೆ ಸೇರಿಸಬಾರದು. ಕೊನೆಭಾಗದಲ್ಲಿ ಹಸಿರು ಇದೆ ಎಂದ ಮಾತ್ರಕ್ಕೆ ನಾಲೆ ನೀರು ಬಂತು ಎಂದಲ್ಲ. ನಾಲೆ ಕೈಕೊಟ್ಟದ್ದಕ್ಕೇ ಕೊಳವೆಬಾವಿ ಕೊರೆಸಿ ಸಾಲ ಮಾಡಿಕೊಂಡವರ ಹಸಿರು ಅದಾಗಿರಬಹುದು.

ಹೀಗೆ ಗೇಜು, ಹೊಸ ಕೋಷ್ಟಕ, ದಿನಗಳ ಲೆಕ್ಕ ಎಲ್ಲ ಸರಿಯಾಯಿತು ಎನ್ನೋಣ. ಅಣೆಕಟ್ಟೆಯಲ್ಲೇ ನೀರಿಲ್ಲದಿದ್ದರೆ? 2023ರ ಮುಂಗಾರು ಕೈಕೊಟ್ಟದ್ದು ನಿಮಗೆಲ್ಲ ನೆನಪಿದೆ. ಕೃಷ್ಣರಾಜಸಾಗರದ ಪೂರ್ಣ ಮಟ್ಟ ಸುಮಾರು 125 ಅಡಿ. ಆ ವರ್ಷ ಅದು ತುಂಬಲಿಲ್ಲ. ತಮಿಳುನಾಡಿಗೆ ನೀರು ಬಿಡುವ ಆದೇಶ, ಮಂಡ್ಯದಲ್ಲಿ ಧರಣಿ, ಬಂದ್. ಅಂಥ ವರ್ಷ 1,200 ಎಕರೆಯ ಗುರಿ ತಪ್ಪಿತು ಎಂದು ಎಂಜಿನಿಯರನ್ನು ಹಿಡಿದು ಕೇಳಿದರೆ ಅದು ನ್ಯಾಯವಲ್ಲ. ಹಾಗೆಂದು ಬರ ಎಂಬ ಒಂದು ಮಾತಿನಲ್ಲಿ ಲೆಕ್ಕ ಮುಚ್ಚುವುದೂ ಸರಿಯಲ್ಲ. ಇದಕ್ಕೆ ದಾರಿ ಪಾಲಿನ ಲೆಕ್ಕ. ಬಾಯಿಯಲ್ಲಿ ಬಂದ ನೀರಿನಲ್ಲಿ ಎಷ್ಟನೆಯ ಪಾಲು ಕೊನೆಭಾಗಕ್ಕೆ ತಲುಪಿತು? ನಮ್ಮ ಉದಾಹರಣೆಯಲ್ಲಿ 80ಕ್ಕೆ 27. ಅಂದರೆ ಮೂರನೆಯ ಒಂದು ಪಾಲು. ಬಾಯಿಯಲ್ಲಿ 60 ಬಂದ ವರ್ಷ 27 ಬರಲಾರದು. ಆದರೆ ಮೂರನೆಯ ಒಂದು ಪಾಲಿಗೆ ಹತ್ತಿರ, 18ರಿಂದ 20 ಬರಬೇಕು. ಐದು ಬಂದರೆ ಅದಕ್ಕೆ ಮಳೆ ಕಾರಣವಲ್ಲ.

ನೀರಿನ ಲೆಕ್ಕ ಇಷ್ಟು ಬಿಗಿಯಾಗಿ ಇಡಲು ಆಗುತ್ತದೆಯೇ ಎಂದು ಕೇಳುವವರಿದ್ದಾರೆ. ಆಗುತ್ತದೆ. ನಾವೇ ಇಡುತ್ತಿದ್ದೇವೆ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಪ್ರಕಾರ ಸಾಮಾನ್ಯ ವರ್ಷದಲ್ಲಿ ತಮಿಳುನಾಡಿಗೆ ಸುಮಾರು 177 ಟಿಎಂಸಿ ನೀರು ಬಿಡಬೇಕು. ಅದನ್ನು ಅಳೆಯುವುದು ಗಡಿಯ ಬಿಳಿಗುಂಡ್ಲುವಿನಲ್ಲಿ. ಕೇಂದ್ರ ಜಲ ಆಯೋಗದ ಮಾಪನ ಕೇಂದ್ರ ಅಲ್ಲಿದೆ. ಪ್ರತಿದಿನ ಅಳತೆ, ತಿಂಗಳಿಗೆ ಇಷ್ಟು ಎಂಬ ಗುರಿ. ನಾವು ಬಿಟ್ಟದ್ದು ಎಷ್ಟು ಎಂದು ಅಲ್ಲಿ ಯಾರೂ ನಮ್ಮನ್ನು ಕೇಳುವುದಿಲ್ಲ. ತಲುಪಿದ್ದು ಎಷ್ಟು ಎಂದೇ ಕೇಳುತ್ತಾರೆ. ರಾಜ್ಯದ ಗಡಿಯಲ್ಲಿ ನಮ್ಮಿಂದ ಪಡೆಯುವ ಲೆಕ್ಕವನ್ನು ನಮ್ಮದೇ ನಾಲೆಯ ಕೊನೆಯಲ್ಲಿರುವ ಮಳವಳ್ಳಿಯ ರೈತನಿಗೆ ಕೊಡದಿರಲು ಯಾವ ಕಾರಣವೂ ನನಗೆ ತೋಚುವುದಿಲ್ಲ.

ಬರದ ವರ್ಷಕ್ಕೆ ಪಾಲಿನ ಲೆಕ್ಕ ಎಂದಾಯಿತು. ಇನ್ನು ಕ್ಯಾಲೆಂಡರಿನ ತೊಡಕು. ಸರ್ಕಾರದ ವರ್ಷ ಏಪ್ರಿಲ್‌ನಿಂದ ಮಾರ್ಚ್‌ವರೆಗೆ. ನಾಲೆಯ ವರ್ಷ ಬೇರೆ. ಮುಂಗಾರು ಬೆಳೆಗೆ ಜುಲೈ, ಆಗಸ್ಟ್‌ನಲ್ಲಿ ನೀರು ಬಿಡುತ್ತಾರೆ. ಭತ್ತದ ಕೊಯ್ಲು ವರ್ಷದ ಕೊನೆಗೆ. ನೀರಿದ್ದರೆ ಬೇಸಿಗೆ ಬೆಳೆಗೂ ಬಿಡಬೇಕು. ಕಾಂಕ್ರೀಟು ಹಾಕಲು ನಾಲೆ ಬರಿದಾಗಿರಬೇಕು. ಅದಕ್ಕೆ ಸಿಗುವ ದಿನಗಳು ಕೆಲವೇ. ಆಯವ್ಯಯಕ್ಕೆ ಒಪ್ಪಿಗೆ, ಟೆಂಡರು, ಕಾರ್ಯಾದೇಶ ಎಲ್ಲ ಮುಗಿಯುವ ಹೊತ್ತಿಗೆ ನಾಲೆಯಲ್ಲಿ ನೀರು ಇರುತ್ತದೆ. ಆಮೇಲೆ ನೀರು ನಿಲ್ಲಿಸಿ ಕೆಲಸ ಮಾಡುತ್ತೇವೆ ಎನ್ನುವ ಇಲಾಖೆ, ಬೆಳೆಗೆ ನೀರು ಬಿಡಿ ಎನ್ನುವ ರೈತರು, ಇಬ್ಬರ ನಡುವೆ ಜಗಳ. ಇಬ್ಬರ ಮಾತೂ ಸರಿಯೇ. ಕೊನೆಗೆ ಫೆಬ್ರವರಿ, ಮಾರ್ಚ್‌ನಲ್ಲಿ ಅವಸರದ ಕೆಲಸ, ಅವಸರದ ಬಿಲ್ಲು.

ಫಲದ ವಿಷಯದಲ್ಲಿ ಇದರ ಅರ್ಥ ಏನು? ಮಾರ್ಚ್‌ನಲ್ಲಿ ಮುಗಿದ ಲೈನಿಂಗಿನ ಫಲ ಮಾರ್ಚ್ 31ರ ಲೆಕ್ಕದಲ್ಲಿ ಸಿಗಲಾರದು. ಅದು ಸಿಗುವುದು ಮುಂದಿನ ಡಿಸೆಂಬರಿನಲ್ಲಿ. ಹಾಗಾಗಿ ಫಲದ ಅಂಕಣವನ್ನು ಒಂದು ವರ್ಷ ತಡವಾಗಿ ತುಂಬಬೇಕು. ಹಾಗೆ ತಡವಾಗಿ ತುಂಬುತ್ತೇವೆ ಎಂದು ಮೊದಲೇ ಬರೆದಿರಬೇಕು. ಆ ವರ್ಷದೊಳಗೆ ಎಂಜಿನಿಯರಿಗೆ ವರ್ಗವಾಗಿರಬಹುದು. ಶಾಸಕರೂ ಬದಲಾಗಿರಬಹುದು. ಆದ್ದರಿಂದ ಲೆಕ್ಕ ಉಪನಾಲೆಯ ಹೆಸರಿನಲ್ಲಿ ಇರಬೇಕು, ಅಧಿಕಾರಿಯ ಹೆಸರಿನಲ್ಲಿ ಬೇಡ. ಗುತ್ತಿಗೆದಾರನ ಹಣದಲ್ಲಿ ಹಿಡಿದಿಟ್ಟುಕೊಳ್ಳುವ ಪಾಲನ್ನು ಒಂದು ಹಂಗಾಮು ನೀರು ಹರಿದು, ತೂಬು ಮುಚ್ಚಿ ಮಾಡುವ ಆ ಸೋರಿಕೆ ಪರೀಕ್ಷೆ ಆದ ಮೇಲೆ ಬಿಡುಗಡೆ ಮಾಡುವುದು ನನಗೆ ಸರಿಯೆನಿಸುತ್ತದೆ.

ಫಲ ಎಂದರೆ ಒಳ್ಳೆಯದು ಮಾತ್ರವೇ ಅಲ್ಲ. ಇದನ್ನು ಮುಚ್ಚಿಡಬಾರದು. ಸೋರಿದ ನೀರೆಲ್ಲ ವ್ಯರ್ಥವಾಗಿರಲಿಲ್ಲ. ಅದರಲ್ಲಿ ಒಂದು ಪಾಲು ಬಾವಿಗಳಿಗೆ, ಕೆರೆಗಳಿಗೆ, ಹಳ್ಳಗಳಿಗೆ ಇಳಿಯುತ್ತಿತ್ತು. ಲೈನಿಂಗ್ ಆದ ಮೇಲೆ ನಾಲೆಯ ಪಕ್ಕದ ಬಾವಿಯ ನೀರು ಕೆಳಗೆ ಹೋಗಬಹುದು. ಇನ್ನೊಂದು ಕಡೆ, ವಿ.ಸಿ. ನಾಲೆಯ ಅಚ್ಚುಕಟ್ಟಿನಲ್ಲಿ ನೀರು ನಿಂತು ಜೌಗಾದ, ಚೌಳಾದ ಭೂಮಿಯೂ ಇದೆ. ಸೋರಿಕೆ ನಿಂತರೆ ಅದು ಸುಧಾರಿಸುತ್ತದೆ. ಎರಡನ್ನೂ ಲೆಕ್ಕಕ್ಕೆ ತಂದರೆ ಮಾತ್ರ 14 ಕೋಟಿಯ ನಿಜವಾದ ಬೆಲೆ ತಿಳಿಯುತ್ತದೆ. ನಾಲೆಯ ಎರಡು ಬದಿಯಲ್ಲಿ ಕೆಲವು ಬಾವಿಗಳ ನೀರಿನ ಮಟ್ಟವನ್ನು ಕಾಮಗಾರಿಗೆ ಮೊದಲೊಮ್ಮೆ, ಆಮೇಲೊಮ್ಮೆ ಅಳೆದಿಟ್ಟರೆ ಸಾಕು.

ಕೊನೆಯದಾಗಿ ಇನ್ನೊಂದು ಬಾಬಿನ ಹಣ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಗಳ ಉಪಯೋಜನೆಗೆಂದು ನಮ್ಮ ರಾಜ್ಯದಲ್ಲಿ 2013ರ ಕಾಯ್ದೆ ಇದೆ. ಆಯವ್ಯಯದ ಅಭಿವೃದ್ಧಿ ಹಣದಲ್ಲಿ ನೂರಕ್ಕೆ ಸುಮಾರು 24 ಪಾಲು ಅದಕ್ಕೆ. ಆ ಕಾಯ್ದೆಯಲ್ಲಿ 7ಡಿ ಎಂಬ ಕಲಂ ಇತ್ತು. ರಸ್ತೆ, ನಾಲೆಯಂಥ ಎಲ್ಲರಿಗೂ ಸೇರಿದ ಕಾಮಗಾರಿಯಲ್ಲಿ ಒಂದು ಪಾಲನ್ನು ಈ ಸಮುದಾಯಗಳಿಗೆ ಖರ್ಚಾಯಿತು ಎಂದು ಭಾವಿಸಿಕೊಂಡು ಲೆಕ್ಕಕ್ಕೆ ಬರೆಯಲು ಅದು ಅವಕಾಶ ಕೊಡುತ್ತಿತ್ತು. ನೀರು ಯಾರ ಗದ್ದೆಗೆ ಹೋಯಿತು ಎಂಬ ಪ್ರಶ್ನೆಯೇ ಅಲ್ಲಿ ಬರುತ್ತಿರಲಿಲ್ಲ. 2023ರಲ್ಲಿ ಆ ಕಲಂ ತೆಗೆದುಹಾಕಿದರು. ಒಳ್ಳೆಯ ಕೆಲಸ. ಅಂದಮೇಲೆ ಆ ಹಣದಿಂದ ನಾಲೆಗೆ ಒಂದು ರೂಪಾಯಿ ಹಾಕಿದರೂ ಯಾವ ತೂಬಿನ ಕೆಳಗೆ ದಲಿತರ ಎಷ್ಟು ಎಕರೆ ಇದೆ, ಆ ತೂಬಿಗೆ ಎಷ್ಟು ದಿನ ನೀರು ಬಂತು ಎಂದು ತೋರಿಸಬೇಕಾಗುತ್ತದೆ. ಹಾಗೆ ತೋರಿಸಲು ಮತ್ತೆ ಅದೇ ಪುಸ್ತಕ ಬೇಕು, ನೀರಿನ ಅಳತೆ ಪುಸ್ತಕ.

ಕೆ.ಡಿ.ಪಿ. ಸಭೆಯ ಮುಂದೆ ಬರುವ ಪಟ್ಟಿಯಲ್ಲಿ ನಮ್ಮ ಉಪನಾಲೆಯ ಸಾಲು ಹೇಗಿರಬೇಕು ಎಂದು ಓದಿ ಹೇಳುತ್ತೇನೆ. ಲೆಕ್ಕಶೀರ್ಷಿಕೆ 4701. ಹಣ 14 ಕೋಟಿ. ಕೆಲಸ 15 ಕಿಲೋಮೀಟರ್ ಲೈನಿಂಗ್, ಮೂರು ಗೇಜ್, ಹೊಸ ಕೋಷ್ಟಕ. ಜೊತೆಗೆ ಬೇಕಾದ ನಿರ್ವಹಣಾ ವೆಚ್ಚ: ತೂಬಿನ ಬಾಗಿಲು ಮತ್ತು ಸೌಡಿಗಳ ಕೂಲಿ, ಕಡಿತ ಮಾಡುವಂತಿಲ್ಲ. ಫಲ: ಬಾಯಿಗೆ ಬಂದ ನೀರಿನಲ್ಲಿ ಮೂರನೆಯ ಒಂದು ಪಾಲು ಕೊನೆಭಾಗಕ್ಕೆ, ಕಟ್ಟುನೀರಿನ ಹತ್ತು ದಿನಕ್ಕೆ ಎಂಟು ದಿನ. ನೆನೆಯುವ ಭೂಮಿ 500 ಎಕರೆಯಿಂದ 1,200 ಎಕರೆಗೆ. ಅಳೆಯುವುದು ಮುಂದಿನ ಮುಂಗಾರು ಹಂಗಾಮಿನಲ್ಲಿ. ಸಹಿ: ಸೌಡಿ, ಸಹಾಯಕ ಎಂಜಿನಿಯರ್, ನೀರು ಬಳಕೆದಾರರ ಸಂಘದ ಕೊನೆಭಾಗದ ಸದಸ್ಯ.

ಆ ಮೂರನೆಯ ಸಹಿ ಕೊನೆಭಾಗದವರದೇ ಆಗಿರಬೇಕು. ತಲೆಭಾಗದವರದು ಸಾಲದು. ಮದ್ದೂರು, ಮಳವಳ್ಳಿಯ ಸಂಘಗಳವರು ಈ ಮಾತನ್ನು ಮುಂದಿನ ನೀರಾವರಿ ಸಲಹಾ ಸಮಿತಿಯ ಸಭೆಯಲ್ಲಿ, ನಾಲೆಗೆ ನೀರು ಬಿಡುವ ದಿನಾಂಕ ನಿಗದಿಯಾಗುವಾಗಲೇ, ಬರವಣಿಗೆಯಲ್ಲಿ ಕೊಡಬಹುದು.